ಧಾರೆ ಎರೆದುಕೊಡಿ ಎಂದು ದೊಡ್ಡಪ್ಪನಿಗೆ ಮೆಸೇಜ್ ಬರೆಯುವುದು ಹೇಗೆ?

ತಂದೆ ಇಲ್ಲದ ಹೆಣ್ಣುಮಗಳ ಮದುವೆ ಮಾತು ಮುಗಿದಾಗ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲೂ ಇದ್ದು ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆ ಒಂದಿರುತ್ತದೆ: ಧಾರೆ ಎರೆಯೋರು ಯಾರು? ಮಂಡ್ಯ, ಮೈಸೂರು ಕಡೆ ಹೆಚ್ಚಿನ ಮನೆಗಳಲ್ಲಿ ಮೊದಲು ನೆನಪಾಗುವುದು ದೊಡ್ಡಪ್ಪ, ದೊಡ್ಡಮ್ಮ. ಆದರೆ ನೆನಪಾಗುವುದು ಬೇರೆ, ಕೇಳುವುದು ಬೇರೆ. "ಅವರಲ್ದೆ ಇನ್ಯಾರು, ಕೇಳೋದೇನಿದೆ" ಎಂದುಕೊಂಡು ಬಿಟ್ಟ ಮನೆಗಳಲ್ಲಿ ಲಗ್ನಪತ್ರಿಕೆ ಬರೆಸುವ ದಿನ ದೊಡ್ಡಪ್ಪ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು ಬಿಗಿಮುಖ ಮಾಡಿಕೊಂಡಿರುತ್ತಾರೆ.

ನಮ್ಮ ಕಡೆ ಇಂಥ ಮಾತನ್ನು ಮನೆಗೆ ಹೋಗಿ, ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೇಳುವುದು ಕ್ರಮ. ಅದು ಹಾಗೇ ಇರಲಿ. ನಾನು ಹೇಳುವ ಮೆಸೇಜ್ ಅದಕ್ಕೆ ಬದಲಿಯಲ್ಲ, ಅದಕ್ಕಿಂತ ಒಂದು ವಾರ ಮುಂಚೆ ಹೋಗಬೇಕಾದದ್ದು. ಕಾರಣ ಸರಳ. ತಾಂಬೂಲದ ತಟ್ಟೆ ಎದುರಿಗೆ ಬಂದ ಮೇಲೆ ಹಿರಿಯರು ಇಲ್ಲ ಅನ್ನಲಾರರು. ಸಕ್ಕರೆ ಕಾಯಿಲೆ ಇರಬಹುದು, ಮಂಡಿ ಮಡಿಸಲು ಆಗದಿರಬಹುದು, ಮನಸ್ಸಿನಲ್ಲಿ ಬೇರೇನೋ ಇರಬಹುದು. ತಟ್ಟೆ ಮುಂದಿದ್ದಾಗ ಅದೆಲ್ಲವನ್ನೂ ನುಂಗಿಕೊಂಡು ಹ್ಞೂಂ ಅಂದುಬಿಡುತ್ತಾರೆ. ಮೆಸೇಜ್ ಅವರಿಗೆ ಯೋಚಿಸಲು, ದೊಡ್ಡಮ್ಮನ ಹತ್ತಿರ ಮಾತಾಡಲು, ಬೇಕಾದರೆ ಮುಖ ಕೆಡದಂತೆ ಹಿಂದೆ ಸರಿಯಲು ಹೊತ್ತು ಕೊಡುತ್ತದೆ.

ಒಂದು ಸಂದರ್ಭ ಇಟ್ಟುಕೊಂಡೇ ಹೇಳುತ್ತೇನೆ. ಹುಡುಗಿ ಮೈಸೂರಿನ ಕುವೆಂಪುನಗರದಲ್ಲಿ ತಾಯಿ ಮತ್ತು ಅಣ್ಣನ ಜೊತೆ ಇದ್ದಾಳೆ. ತಂದೆ ತೀರಿಕೊಂಡು ಕೆಲವು ವರ್ಷಗಳಾಗಿವೆ. ಅಣ್ಣನಿಗೆ ಇನ್ನೂ ಮದುವೆಯಾಗಿಲ್ಲ. ದೊಡ್ಡಪ್ಪ ಮದ್ದೂರು ತಾಲ್ಲೂಕಿನ ಹಳ್ಳಿಯಲ್ಲಿ ಕಬ್ಬು, ಭತ್ತ ಮಾಡಿಕೊಂಡು, ಎರಡು ಹಸು ಕಟ್ಟಿಕೊಂಡು ಇದ್ದಾರೆ. ಅರವತ್ತೈದು ದಾಟಿದೆ, ಶುಗರ್ ಮಾತ್ರೆ ನಡೆಯುತ್ತಿದೆ. ದೊಡ್ಡಮ್ಮನಿಗೆ ಮಂಡಿನೋವು.

ಮೊದಲು: ಬರೆಯುವ ಮುಂಚೆ ತೀರ್ಮಾನವಾಗಬೇಕಾದದ್ದು

ಮೆಸೇಜ್ ಬರೆಯಲು ಹತ್ತು ನಿಮಿಷ ಸಾಕು. ಅದಕ್ಕೆ ಮುಂಚಿನ ಮಾತುಕತೆಗೇ ಹೊತ್ತು ಹಿಡಿಯುವುದು.

ಮೊಟ್ಟಮೊದಲು ತಾಯಿಯನ್ನು ಕೇಳಿ. "ಧಾರೆ ನೀನೇ ಎರೀತೀಯಾ ಅಮ್ಮ?" ಎಂಬ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಬೇಕು. ಗಂಡ ಇಲ್ಲದವರು ಮಂಟಪ ಹತ್ತಬಾರದು ಎನ್ನುವ ಅಜ್ಜಿಯರು ಪ್ರತಿ ಊರಲ್ಲೂ ಇದ್ದಾರೆ. ಆದರೆ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಕನ್ಯಾದಾನಕ್ಕೆ ಅಧಿಕಾರ ಇರುವವರ ಸಾಲು ಹೀಗಿದೆ: ತಂದೆ, ತಂದೆಯ ತಂದೆ, ಅಣ್ಣತಮ್ಮ, ಕುಲದವರು, ಆಮೇಲೆ ತಾಯಿ. ಕೊನೆಯಲ್ಲಿದ್ದರೂ ತಾಯಿಯ ಹೆಸರು ಅಲ್ಲಿದೆ. ಈಗೀಗ ತಾಯಿಯೇ ಎರೆದುಕೊಡುವ ಮದುವೆಗಳೂ ಮೈಸೂರಿನಲ್ಲಿ ನಡೆಯುತ್ತಿವೆ. ತಾಯಿಗೆ ಆ ಆಸೆ ಒಳಗೊಳಗೇ ಇದ್ದು, ನೀವು ದೊಡ್ಡಪ್ಪನನ್ನು ಕೇಳಿ, ಆಮೇಲೆ "ಇಲ್ಲ, ಅಮ್ಮನೇ ಮಾಡ್ತಾರೆ" ಎಂದು ಬದಲಾಯಿಸಿದರೆ ದೊಡ್ಡಪ್ಪನಿಗೆ ಆಗುವ ಅವಮಾನವನ್ನು ಯಾವ ಉಡುಗೊರೆಯೂ ತೊಳೆಯುವುದಿಲ್ಲ. ಹಾಗಾಗಿ ಇದು ಮನೆಯೊಳಗೇ ಮುಗಿಯಲಿ.

ಆ ಸಾಲಿನಲ್ಲಿ ಅಣ್ಣನ ಹೆಸರೂ ದೊಡ್ಡಪ್ಪನಿಗಿಂತ ಮೊದಲೇ ಇದೆ ಎಂಬುದನ್ನು ಗಮನಿಸಿ. ನಮ್ಮ ಸಂದರ್ಭದಲ್ಲಿ ಅಣ್ಣನಿಗೆ ಮದುವೆಯಾಗಿಲ್ಲ, ಧಾರೆಗೆ ದಂಪತಿ ಕೂರುವುದು ಪದ್ಧತಿ. ಗಂಡ ಕೈ ಹಿಡಿದುಕೊಟ್ಟರೆ ಹೆಂಡತಿ ಚೊಂಬಿನಿಂದ ನೀರು ಬಿಡಬೇಕು. ಅಣ್ಣನಿಗೆ ಮದುವೆಯಾಗಿದ್ದರೆ ಊರಲ್ಲಿ ಯಾರಾದರೂ "ಮನೇಲೇ ಮಗ ಸೊಸೆ ಇದ್ರಲ್ಲ" ಎಂದೇ ಅನ್ನುತ್ತಾರೆ, ಆಗ ದೊಡ್ಡಪ್ಪನನ್ನೇ ಕೇಳುತ್ತಿರುವುದು ಯಾಕೆ ಎಂಬುದಕ್ಕೆ ಮೆಸೇಜಿನಲ್ಲಿ ಒಂದು ಸಾಲು ಬೇಕಾಗುತ್ತಿತ್ತು.

ಎರಡನೆಯದು ಸೋದರಮಾವ. ತಾಯಿಯ ಅಣ್ಣನೋ ತಮ್ಮನೋ ಮದುವೆಯ ಓಡಾಟವನ್ನೆಲ್ಲ ಹೊತ್ತಿರುತ್ತಾನೆ, ಛತ್ರ ನೋಡಿರುತ್ತಾನೆ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಿರುತ್ತಾನೆ. ಧಾರೆಯನ್ನು ಅವನೇ ನಿರೀಕ್ಷಿಸುತ್ತಿರಬಹುದು. ಚಪ್ಪರದ ದಿನ ಕಂಬ ತರುವುದು, ಹೆಣ್ಣನ್ನು ಮಂಟಪಕ್ಕೆ ಕರೆತರುವುದು ನಮ್ಮ ಕಡೆ ಅನೇಕ ಮನೆಗಳಲ್ಲಿ ಸೋದರಮಾವನ ಕೆಲಸ. ಅದು ಅವನದೇ ಎಂದು ತಾಯಿ ಅವನಿಗೆ ಮೊದಲೇ ಹೇಳಿಬಿಡಬೇಕು. ದೊಡ್ಡಪ್ಪನಿಗೆ ಹೋದ ಮೆಸೇಜ್ ವಿಷಯ ಅವನಿಗೆ ಇನ್ನೊಬ್ಬರ ಬಾಯಿಂದ ಗೊತ್ತಾಗಬಾರದು.

ಮೂರನೆಯದು ಪುರೋಹಿತರು. ಫೋನಿನಲ್ಲಿ ಮೂರು ವಿಷಯ ಕೇಳಿಕೊಳ್ಳಿ. ಧಾರೆ ಎರೆಯುವ ದಂಪತಿ ಎಷ್ಟು ಹೊತ್ತು ಕೂರಬೇಕು, ಯಾವಾಗಿನಿಂದ ಉಪವಾಸ, ಕೆಳಗೆ ಕೂರಲಾಗದಿದ್ದರೆ ಏನು ಮಾಡಬಹುದು. ಉತ್ತರ ಪುರೋಹಿತರಿಂದ ಪುರೋಹಿತರಿಗೆ ಬೇರೆ. ಧಾರೆ ಮುಗಿಯುವವರೆಗೆ ನೀರೂ ಬೇಡ ಎನ್ನುವವರಿದ್ದಾರೆ, ಹಾಲು ಹಣ್ಣು ಆಗಬಹುದು ಎನ್ನುವವರೂ ಇದ್ದಾರೆ. ದೊಡ್ಡಮ್ಮ ತೀರಿಕೊಂಡಿದ್ದು ದೊಡ್ಡಪ್ಪ ಒಬ್ಬರೇ ಇದ್ದರೆ ಆ ಪ್ರಶ್ನೆಯನ್ನೂ ಈಗಲೇ ಕೇಳಬೇಕು. ಅನೇಕರು ಆಗ ಚಿಕ್ಕಪ್ಪ ಚಿಕ್ಕಮ್ಮನನ್ನು ಕೂರಿಸಿ ಎನ್ನುತ್ತಾರೆ. ಅದು ತಿಳಿಯದೆ ದೊಡ್ಡಪ್ಪನನ್ನು ಕೇಳಿ, ಮಂಟಪದಲ್ಲಿ ಪುರೋಹಿತರ ಬಾಯಿಂದ "ಆಗಲ್ಲ" ಅನ್ನಿಸಿದರೆ ಅದಕ್ಕಿಂತ ದೊಡ್ಡ ನೋವು ಇನ್ನೊಂದಿಲ್ಲ.

ಯಾರು, ಯಾವಾಗ ಕಳಿಸಬೇಕು

ಕಳಿಸಬೇಕಾದವಳು ಮದುವಣಗಿತ್ತಿ. ತಾಯಿ ಕಳಿಸಿದರೆ ಅದು ತಮ್ಮನ ಹೆಂಡತಿ ಭಾವನನ್ನು ಕೇಳಿದಂತೆ, ಅಲ್ಲಿ ಹಳೆಯ ಲೆಕ್ಕಗಳೆಲ್ಲ ನಡುವೆ ಬಂದು ಕೂರುತ್ತವೆ. ಅಣ್ಣ ಕಳಿಸಿದರೆ ಅದು ಮದುವೆ ಕೆಲಸದ ಪಟ್ಟಿಯಲ್ಲಿ ಒಂದಾಗುತ್ತದೆ. ಮಗಳು ಕೇಳಿದರೆ ಮಾತ್ರ ದೊಡ್ಡಪ್ಪ ದೊಡ್ಡಪ್ಪನಾಗಿ ಓದುತ್ತಾರೆ.

ತಡಮಾಡಿದರೆ ಕೆಡುತ್ತದೆ, ಯಾಕೆಂದರೆ ಧಾರೆಯ ಜವಾಬ್ದಾರಿ ಧಾರೆಯ ದಿನ ಶುರುವಾಗುವುದಿಲ್ಲ. ನಿಶ್ಚಿತಾರ್ಥದಲ್ಲಿ ಲಗ್ನಪತ್ರಿಕೆ ಓದಿ ತಾಂಬೂಲ ಬದಲಾಯಿಸುವಾಗಲೇ ಹೆಣ್ಣಿನ ಕಡೆಯಿಂದ ದಂಪತಿ ಕೂರಬೇಕು. ಆಮೇಲೆ ಮದುವೆಯ ಕರೆಯೋಲೆ ಅಚ್ಚಿಗೆ ಹೋಗುತ್ತದೆ, ಅದರಲ್ಲಿ ಅವರ ಹೆಸರು ಬರಬೇಕು. ಆದ್ದರಿಂದ ನಿಶ್ಚಿತಾರ್ಥಕ್ಕೆ ಕಡಿಮೆಯೆಂದರೂ ಮೂರು ವಾರ ಮುಂಚೆ ಮೆಸೇಜ್ ಹೋಗಲಿ.

ದಿನ ನೋಡುವುದನ್ನು ನೀವು ನಂಬದಿದ್ದರೂ ಓದುವವರು ನಂಬುತ್ತಾರೆ. ಅಮಾವಾಸ್ಯೆ ಬೇಡ, ಮಂಗಳವಾರ ಬೇಡ, ಆಷಾಢದಲ್ಲಿ ಬೇಡ, ಪಿತೃಪಕ್ಷದಲ್ಲಂತೂ ಬೇಡವೇ ಬೇಡ. ಕ್ಯಾಲೆಂಡರ್ ತಿರುಗಿಸಿ ನೋಡಲು ಒಂದು ನಿಮಿಷ ಸಾಕು. ಇನ್ನು ಗಳಿಗೆ. ಹಸು ಕಟ್ಟಿದವರ ದಿನ ಡೈರಿಯ ಸುತ್ತ ನಡೆಯುತ್ತದೆ. ಬೆಳಗ್ಗೆ ಮತ್ತು ಸಂಜೆ ಹಾಲು ಕರೆದು ಡೈರಿಗೆ ಹಾಕಿ ಬರುವವರೆಗೆ ಫೋನು ಗೂಡಿನಲ್ಲಿರುತ್ತದೆ. ಸಂಜೆ ಹಾಲು ಹಾಕಿ ಬಂದು, ಕೈಕಾಲು ತೊಳೆದು, ಊಟಕ್ಕೆ ಮುಂಚೆ ಟಿವಿ ಮುಂದೆ ಕೂರುವ ಹೊತ್ತಿದೆಯಲ್ಲ, ಸುಮಾರು ಏಳೂವರೆ ಎಂಟು, ಅದು ಸರಿಯಾದ ಸಮಯ. ಆಗ ದೊಡ್ಡಮ್ಮನೂ ಒಳಗೇ ಇರುತ್ತಾರೆ. ನಾಲೆಗೆ ನೀರು ಬಿಟ್ಟು ನಾಟಿ ನಡೆಯುತ್ತಿದ್ದರೆ, ಅಥವಾ ಕಬ್ಬಿಗೆ ಕಟಾವು ಆರ್ಡರ್ ಬಂದು ಲಾರಿ ಗದ್ದೆ ಬದಿಯಲ್ಲಿ ನಿಂತಿದ್ದರೆ ಆ ವಾರ ಬಿಟ್ಟುಬಿಡಿ.

ದೊಡ್ಡಪ್ಪನ ಸ್ವಂತ ನಂಬರಿಗೇ ಕಳಿಸಿ. "ನಮ್ಮ ಕುಟುಂಬ" ಗ್ರೂಪಿನಲ್ಲಿ ಹಾಕಿದರೆ ಅವರು ಬಾಯಿ ತೆರೆಯುವ ಮೊದಲೇ ನಾಲ್ಕು ಜನ ಕೈಮುಗಿದ ಚಿತ್ರ ಹಾಕಿ ಅಭಿನಂದನೆ ಹೇಳಿಬಿಡುತ್ತಾರೆ, ಆಮೇಲೆ ಅವರಿಗೆ ಇಲ್ಲ ಅನ್ನಲು ದಾರಿಯೇ ಇಲ್ಲ. ಕನ್ನಡ ಅಕ್ಷರದಲ್ಲೇ ಬರೆಯಿರಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡವನ್ನು ಅವರು ಮೊಮ್ಮಗನ ಕೈಗೆ ಕೊಟ್ಟು ಓದಿಸಬೇಕಾಗುತ್ತದೆ, ಇದು ಮೊಮ್ಮಗ ಜೋರಾಗಿ ಓದಬೇಕಾದ ವಿಷಯವಲ್ಲ. ಕಣ್ಣು ಮಂಜಾಗಿದ್ದರೆ ಅದೇ ಮಾತನ್ನು ವಾಯ್ಸ್ ಮೆಸೇಜಿನಲ್ಲಿ ಹೇಳಬಹುದು. ಆದರೆ ಮೊದಲು ಬರೆದುಕೊಂಡು ಹೇಳಿ, ಇಲ್ಲದಿದ್ದರೆ ಅಪ್ಪನ ಹೆಸರು ಬಂದ ಕೂಡಲೇ ಗಂಟಲು ಕಟ್ಟಿ ಮುಖ್ಯವಾದದ್ದೇ ಉಳಿದುಬಿಡುತ್ತದೆ.

ಈಗ ಮೆಸೇಜ್

ಹೇಗೆ ಬರೆಯಬಾರದು ಎಂಬುದನ್ನು ಮೊದಲು ನೋಡಿ. ಇಂಥದ್ದು ನಿಜವಾಗಿ ಹೋಗುತ್ತಿರುತ್ತದೆ:

"ಹಾಯ್ ದೊಡ್ಡಪ್ಪ, ಹೇಗಿದ್ದೀರಾ? ನನ್ನ ಮದುವೆ ಫಿಕ್ಸ್ ಆಗಿದೆ. ಅಪ್ಪ ಇಲ್ವಲ್ಲ, ಅದಕ್ಕೆ ಧಾರೆಗೆ ನೀವು ಕೂರಬೇಕು. ಬೇರೆ ಯಾರೂ ಇಲ್ಲ. ಪ್ಲೀಸ್ ಬೇಗ ಕನ್ಫರ್ಮ್ ಮಾಡಿ, ಕಾರ್ಡ್ ಪ್ರಿಂಟ್‌ಗೆ ಕೊಡಬೇಕು."

ಹುಡುಗಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ದೊಡ್ಡಪ್ಪ ಓದುವುದು ಬೇರೆ. "ಬೇರೆ ಯಾರೂ ಇಲ್ಲ" ಅಂದರೆ ಇದ್ದಿದ್ದರೆ ನಿಮ್ಮನ್ನು ಕೇಳುತ್ತಿರಲಿಲ್ಲ ಎಂದ ಹಾಗಾಯಿತು. "ಕೂರಬೇಕು" ಎನ್ನುವುದು ಅಪ್ಪಣೆ. ಕಾರ್ಡಿನ ಅವಸರ ಮುಂದೆ ಬಂದು ಅವರು ಹಿಂದೆ ಹೋದರು. ಎಲ್ಲಕ್ಕಿಂತ ದೊಡ್ಡ ತಪ್ಪು, ದೊಡ್ಡಮ್ಮನ ಮಾತೇ ಇಲ್ಲ. ಧಾರೆಯ ನೀರು ಬಿಡುವ ಕೈ ದೊಡ್ಡಮ್ಮನದು. ಅವರನ್ನು ಬಿಟ್ಟು ಗಂಡನನ್ನು ಮಾತ್ರ ಕೇಳಿದರೆ ಅರ್ಧ ಕೇಳಿದಂತೆ, ಮತ್ತು ಆ ಮನೆಯಲ್ಲಿ ತೀರ್ಮಾನ ಯಾರದು ಎಂಬುದು ನಿಮಗೇ ಗೊತ್ತಿರುತ್ತದೆ.

ಇನ್ನೊಂದು ತುದಿಯದೂ ಬೇಡ. "ಪೂಜ್ಯರಾದ ತಮ್ಮ ಪಾದಾರವಿಂದಗಳಿಗೆ ಸಾಷ್ಟಾಂಗ ಪ್ರಣಾಮಗಳು" ಎಂದು ಶುರುಮಾಡಿದರೆ, ದಿನಾ "ದೊಡ್ಡಪ್ಪ, ಎಳನೀರು ಕೀಳಿಸಿ" ಎಂದು ಕೇಳಿಕೊಂಡು ಬೆಳೆದ ಹುಡುಗಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು ಅವರಿಗೆ ಗಾಬರಿಯಾಗುತ್ತದೆ. ಮಾತಾಡುವ ಕನ್ನಡವೇ ಇರಲಿ, ಸ್ವಲ್ಪ ಒಗೆದು ಇಸ್ತ್ರಿ ಮಾಡಿದ್ದು. ನಮ್ಮ ಸಂದರ್ಭದ ಹುಡುಗಿ ಹೀಗೆ ಬರೆಯಬಹುದು:

"ದೊಡ್ಡಪ್ಪ, ನಮಸ್ಕಾರ. ದೊಡ್ಡಮ್ಮನಿಗೂ ನನ್ನ ನಮಸ್ಕಾರ. ದೊಡ್ಡಮ್ಮನ ಮಂಡಿನೋವು ಈಗ ಹೇಗಿದೆ? ಈ ಮೆಸೇಜ್ ನಿಮ್ಮಿಬ್ಬರಿಗೂ ಸೇರಿ ಬರೀತಿದ್ದೀನಿ. ಬಿಡುವಾದಾಗ ದೊಡ್ಡಮ್ಮನ ಜೊತೆ ಕೂತು ಓದಿ.

ನನ್ನ ಮದುವೆ ಮಾತು ಮುಗಿದಿರೋದು ಅಮ್ಮ ಫೋನ್ ಮಾಡಿ ಹೇಳಿದ್ದಾರೆ. ಲಗ್ನಪತ್ರಿಕೆ ಬರೆಸೋ ಮೊದಲು ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು.

ನೀವು ಮತ್ತು ದೊಡ್ಡಮ್ಮ ನನ್ನನ್ನ ಧಾರೆ ಎರೆದು ಕೊಡಬೇಕು ಅನ್ನೋದು ನನ್ನ ಆಸೆ. ಅಮ್ಮ, ಅಣ್ಣ ಇಬ್ಬರ ಆಸೆನೂ ಅದೇ. ಧಾರೆ ಸಮಯದಲ್ಲಿ ಪುರೋಹಿತರು ಮುತ್ತಾತ, ತಾತ, ಅಪ್ಪ ಮೂವರ ಹೆಸರೂ ಹೇಳ್ತಾರಂತೆ. ಅಪ್ಪನ ಹೆಸರು ಹೇಳುವಾಗ ನನ್ನ ಕೈ ಅಪ್ಪನ ಅಣ್ಣನ ಕೈಯಲ್ಲಿ ಇರಲಿ ಅನ್ನಿಸ್ತು.

ಏನೇನು ಇರುತ್ತೆ ಅಂತ ಪುರೋಹಿತರನ್ನ ಕೇಳಿಕೊಂಡಿದ್ದೀವಿ. ಹಿಂದಿನ ಸಂಜೆ ವರಪೂಜೆಗೆ ನೀವಿಬ್ಬರೂ ಛತ್ರಕ್ಕೆ ಬಂದು ರಾತ್ರಿ ಅಲ್ಲೇ ಉಳೀಬೇಕು. ಬೆಳಗ್ಗೆ ಸುಮಾರು ಒಂದೂವರೆ ಗಂಟೆ ಮಂಟಪದಲ್ಲಿ ಕೂರೋದು ಇರುತ್ತೆ. ಕೆಳಗೆ ಕೂರೋಕೆ ಕಷ್ಟ ಆದ್ರೆ ಎತ್ತರದ ಮಣೆ ಹಾಕಬಹುದು ಅಂದಿದ್ದಾರೆ. ಧಾರೆ ಮುಗಿಯೋವರೆಗೆ ತಿಂಡಿ ಇರಲ್ಲ, ಹಾಲು ಹಣ್ಣು ತಗೋಬಹುದಂತೆ. ನಿಮ್ಮ ಮಾತ್ರೆ ವಿಷಯ ಡಾಕ್ಟರನ್ನ ಒಂದು ಮಾತು ಕೇಳಿಬಿಡೋಣ. ಮಿಕ್ಕ ಕೆಲಸ ಎಲ್ಲ ಅಣ್ಣ, ಮಾವ ನೋಡಿಕೊಳ್ತಿದ್ದಾರೆ, ನೀವಿಬ್ಬರೂ ಬಂದು ನಿಂತು ನಡೆಸಿಕೊಟ್ಟರೆ ಸಾಕು.

ಈಗಲೇ ಉತ್ತರ ಹೇಳಬೇಕು ಅಂತೇನಿಲ್ಲ. ಯಾವುದೇ ಕಾರಣಕ್ಕೆ ಅನುಕೂಲ ಆಗಲ್ಲ ಅಂದ್ರೆ ನನಗೆ ನೇರವಾಗಿ ಹೇಳಿ, ನಾನು ಏನೂ ಅಂದುಕೊಳ್ಳಲ್ಲ. ಭಾನುವಾರ ಸಂಜೆ ಡೈರಿಯಿಂದ ಬಂದ ಮೇಲೆ ನಾನೇ ಫೋನ್ ಮಾಡ್ತೀನಿ. ನೀವು ಹ್ಞೂಂ ಅಂದ್ರೆ ಅಮ್ಮ, ಅಣ್ಣ, ನಾನು ಊರಿಗೆ ಬಂದು ಕ್ರಮವಾಗಿ ಎಲೆ ಅಡಿಕೆ ಇಟ್ಟು ಕೇಳ್ತೀವಿ."

ಕೆಳಗೆ ನಿಮ್ಮ ಹೆಸರು, ಮನೆಯಲ್ಲಿ ಅವರು ಕರೆಯುವ ಹೆಸರೇ ಇರಲಿ.

ಇದರಲ್ಲಿ ಯಾವ ಸಾಲು ಏನು ಮಾಡುತ್ತಿದೆ ನೋಡೋಣ. ಮೊದಲ ಪ್ಯಾರಾದಲ್ಲೇ ಇದು ಇಬ್ಬರಿಗೂ ಎಂದು ಹೇಳಿದ್ದರಿಂದ ದೊಡ್ಡಪ್ಪ ಫೋನನ್ನು ಜೇಬಿಗಿಟ್ಟುಕೊಂಡು ಒಬ್ಬರೇ ಯೋಚಿಸುವುದು ತಪ್ಪುತ್ತದೆ. ಮಂಡಿನೋವಿನ ವಿಚಾರಣೆ ಬರೀ ಔಪಚಾರಿಕವಲ್ಲ, ಆಮೇಲೆ ಬರುವ ಎತ್ತರದ ಮಣೆಗೆ ಅದು ಪೀಠಿಕೆ.

ಮೂರನೇ ಪ್ಯಾರಾ ಇಡೀ ಮೆಸೇಜಿನ ತಿರುಳು. ಕನ್ಯಾದಾನದ ಸಂಕಲ್ಪದಲ್ಲಿ ಹುಡುಗಿಯನ್ನು ಇಂಥವರ ಮರಿಮಗಳು, ಇಂಥವರ ಮೊಮ್ಮಗಳು, ಇಂಥವರ ಮಗಳು ಎಂದು ಮೂರು ತಲೆಮಾರಿನ ಹೆಸರು ಹಿಡಿದು ಹೇಳುತ್ತಾರೆ. ಎರೆಯುವವರು ಯಾರೇ ಆದರೂ ಮಗಳು ಎನ್ನುವ ಕಡೆ ಬರುವುದು ಹೆತ್ತ ತಂದೆಯ ಹೆಸರೇ. ಮೇಲಿನ ಎರಡು ಹೆಸರು ದೊಡ್ಡಪ್ಪನಿಗೂ ಹುಡುಗಿಯ ತಂದೆಗೂ ಒಂದೇ. ದೊಡ್ಡಪ್ಪನನ್ನು ಕೇಳುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ. "ಅಪ್ಪನ ಸ್ಥಾನದಲ್ಲಿ" ಎಂದು ಬರೆಯುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ತಮ್ಮನನ್ನು ಕಳೆದುಕೊಂಡ ಅಣ್ಣನಿಗೆ ಆ ಮಾತು ಭಾರ, ಮೇಲಾಗಿ ಮದುವೆಯಾದ ಮೇಲೂ ತಂದೆಯ ಎಲ್ಲ ಜವಾಬ್ದಾರಿ ನನ್ನ ಮೇಲೆಯೇ ಎಂಬ ಅರ್ಥವೂ ಅದರೊಳಗಿದೆ.

ಆ ಭಾರದಲ್ಲಿ ದುಡ್ಡೂ ಸೇರಿರುತ್ತದೆ. ಧಾರೆ ಎರೆಯುವವರು ಮದುವೆ ಖರ್ಚಿನಲ್ಲಿ ಪಾಲು ಕೊಡಬೇಕೇನೋ ಎಂಬ ಅಳುಕು ಹಳ್ಳಿಯ ದೊಡ್ಡಪ್ಪಂದಿರಿಗೆ ಇದ್ದೇ ಇರುತ್ತದೆ, ಕಬ್ಬಿನ ಬಾಕಿ ಬಂದಿಲ್ಲದ ವರ್ಷವಾದರೆ ಇನ್ನೂ ಹೆಚ್ಚು. "ನೀವು ದುಡ್ಡು ಕೊಡೋದು ಬೇಡ" ಎಂದು ಬರೆದರೆ ಮುಖಕ್ಕೆ ಹೊಡೆದಂತೆ. "ಮಿಕ್ಕ ಕೆಲಸ ಎಲ್ಲ ಅಣ್ಣ, ಮಾವ ನೋಡಿಕೊಳ್ತಿದ್ದಾರೆ" ಎಂಬ ಸಾಲಿನಲ್ಲಿ ಅದೇ ಉತ್ತರವಿದೆ, ಅವರಿಗೆ ಅರ್ಥವಾಗುತ್ತದೆ.

ಉಪವಾಸದ ಸಾಲನ್ನು ಮುಜುಗರವೆಂದು ಬಿಡಬೇಡಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹೊಟ್ಟೆಗೆ ಏನೂ ಹಾಕದೆ ಕೂತರೆ ಸಕ್ಕರೆ ಅಂಶ ಇಳಿದು ಬೆವರು, ಕೈನಡುಕ, ತಲೆಸುತ್ತು ಶುರುವಾಗಬಹುದು. ಮಂಟಪದ ಹೊಗೆ ಮತ್ತು ಜನರ ನಡುವೆ ಅದನ್ನು ಆಯಾಸ ಎಂದುಕೊಂಡುಬಿಡುತ್ತಾರೆ. ಆ ಬೆಳಗಿನ ಮಾತ್ರೆ ಎಷ್ಟು, ಯಾವಾಗ ಎಂಬುದನ್ನು ಅವರ ಡಾಕ್ಟರೇ ಹೇಳಬೇಕು. ಹಿರಿಯರು ತಾವಾಗಿ ಈ ಮಾತು ಎತ್ತುವುದಿಲ್ಲ, "ಶುಭಕಾರ್ಯಕ್ಕೆ ಹಸಿವು ನೋಡ್ತಾರಾ" ಎನ್ನುತ್ತಾರೆ. ಮಗಳಾದವಳು ಎತ್ತಿದರೆ ಅದು ಸಸಾರವಲ್ಲ.

ವರಪೂಜೆಯ ಬಗ್ಗೆ ಒಂದು ವಿಷಯ ಫೋನಿನಲ್ಲಿ ಸೇರಿಸಬೇಕು. ಅದರಲ್ಲಿ ಹೆಣ್ಣಿನ ಕಡೆಯ ದಂಪತಿ ವರನ ಪಾದ ತೊಳೆಯುವ ಪದ್ಧತಿ ಇದೆ. ಎಲ್ಲ ದೊಡ್ಡಪ್ಪಂದಿರಿಗೂ ಇದು ಗೊತ್ತು, ಆದರೆ ಗೊತ್ತಿರುವುದಕ್ಕೂ ತಾವೇ ಬಗ್ಗಿ ತೊಳೆಯುವುದಕ್ಕೂ ವ್ಯತ್ಯಾಸವಿದೆ. ಎರಡೂ ಕಡೆಯವರು ಬೇಡವೆಂದರೆ ಈಗ ಅನೇಕ ಮನೆಗಳಲ್ಲಿ ಬಿಡುತ್ತಾರೆ, ಇಲ್ಲವೇ ನೀರು ಪ್ರೋಕ್ಷಿಸಿ ಮುಗಿಸುತ್ತಾರೆ.

ಮನೆಗಳ ನಡುವೆ ಮಾತು ನಿಂತಿದ್ದರೆ

ಬಾವಿ ಪಾಲು, ಬದುವಿನ ಜಗಳ, ಪಂಪ್‌ಸೆಟ್ಟಿನ ಕರೆಂಟು. ಅಣ್ಣತಮ್ಮಂದಿರ ಮನೆಗಳ ನಡುವೆ ಇವುಗಳಲ್ಲಿ ಒಂದಾದರೂ ಇಲ್ಲದ ಊರು ಮಂಡ್ಯ ಜಿಲ್ಲೆಯಲ್ಲಿ ನನಗೆ ಗೊತ್ತಿಲ್ಲ. ಹಾಗಿದ್ದಾಗ ಮೆಸೇಜ್ ಮೊದಲ ಹೆಜ್ಜೆಯಾಗಬಾರದು. ಅತ್ತೆ, ಅಂದರೆ ಅಪ್ಪನ ಅಕ್ಕನೋ ತಂಗಿಯೋ ಇರುತ್ತಾರಲ್ಲ, ಅವರ ಮೂಲಕ ವಿಷಯವನ್ನು ಕಿವಿಗೆ ಹಾಕಿಸಿ. ಎರಡೂ ಮನೆಗೆ ಓಡಾಡುವ ಹಕ್ಕು ಆ ಮನೆಯ ಹೆಣ್ಣುಮಗಳಿಗೆ ಮಾತ್ರ ಇರುತ್ತದೆ. "ಮಗು ನಿನ್ನನ್ನೇ ಕೇಳಬೇಕು ಅಂತ ಇದೆ ಕಣಣ್ಣ, ಬೇಡ ಅನ್ಬೇಡ" ಎಂದು ಅವರು ಹೇಳಿ ಎರಡು ದಿನ ಬಿಟ್ಟ ಮೇಲೆ ಮೆಸೇಜ್ ಕಳಿಸಿ.

ಮೆಸೇಜಿನಲ್ಲಿ ಹಳೆಯ ವಿಷಯದ ಸುಳಿವೂ ಬೇಡ. "ಹಿಂದಿನದೆಲ್ಲ ಮರೆತು" ಎಂದು ಬರೆದರೂ ನೆನಪಿಸಿದಂತೆಯೇ. ಮರೆಯುವುದು, ಬಿಡುವುದು ಅವರಿಗೆ ಬಿಟ್ಟದ್ದು. ಈ ಕರೆಯನ್ನು ರಾಜಿಗೆ ದಾರಿ ಮಾಡಿಕೊಳ್ಳುವ ಯೋಚನೆ ತಾಯಿಗೋ ಅಣ್ಣನಿಗೋ ಇದ್ದರೆ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಲಿ. ಧಾರೆ ಎರೆದ ಕೈಗೆ ಆಮೇಲೆ ಪಾಲುಪತ್ರ ಕೊಟ್ಟು ಸಹಿ ಹಾಕಿ ಎಂದ ಮನೆಗಳನ್ನೂ ಊರು ನೋಡಿದೆ, ಆಡಿಕೊಂಡೂ ಇದೆ.

ಉತ್ತರವನ್ನು ಓದುವುದು

ನಮ್ಮ ಕಡೆ ಹಿರಿಯರು ಹ್ಞೂಂ ಎಂದೂ ನೇರವಾಗಿ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. "ನಿಮ್ಮವ್ವ ಏನಂದ್ಲು?" ಎಂದು ಕೇಳಿದರೆ ಅದು ಮುಕ್ಕಾಲು ಒಪ್ಪಿಗೆ. ತಾಯಿಯ ಬಾಯಿಂದ ಒಂದು ಮಾತು ಬರಲಿ ಎಂದು ಕಾಯುತ್ತಿದ್ದಾರೆ. ಅವತ್ತೇ ತಾಯಿಯಿಂದ ದೊಡ್ಡಮ್ಮನಿಗೆ ಫೋನ್ ಮಾಡಿಸಿ. "ನಂಗೆಲ್ಲವ್ವ ಆಯ್ತದೆ, ವಯಸ್ಸಾಯ್ತು" ಅಂದರೆ ಎರಡು ಅರ್ಥ. ಒತ್ತಾಯ ಮಾಡಲಿ ಎಂಬ ಆಸೆ ಇರಬಹುದು, ನಿಜವಾಗಿಯೂ ಆಗದಿರಬಹುದು. ತಿಳಿಯುವ ಉಪಾಯ ಒಂದೇ: "ಏನು ಕಷ್ಟ ಆಗುತ್ತೆ ದೊಡ್ಡಪ್ಪ, ಕೂರೋದಾ, ಉಪವಾಸನಾ?" ಎಂದು ಬಿಡಿಸಿ ಕೇಳುವುದು. ಮಂಡಿ ಎಂದರೆ ಮಣೆ ಇದೆ, ಹಸಿವು ಎಂದರೆ ಹಾಲು ಹಣ್ಣಿದೆ. ಯಾವುದನ್ನೂ ಹಿಡಿದು ಹೇಳದೆ "ಅದೆಲ್ಲ ಅಲ್ಲ ಬುಡವ್ವ" ಎಂದರೆ ಅಲ್ಲಿಗೆ ನಿಲ್ಲಿಸಿ. ಎರಡನೇ ಸಲ ಒತ್ತಾಯಿಸಬಹುದು, ಮೂರನೇ ಸಲ ಬೇಡ.

"ಚಿಕ್ಕಪ್ಪನ್ನ ಕೇಳಿ" ಎಂದರೆ ಅದು ಸಭ್ಯವಾದ ನಿರಾಕರಣೆ. ಒಪ್ಪಿಕೊಳ್ಳಿ. ಆದರೆ "ಚಿಕ್ಕಪ್ಪನ ಹತ್ರ ನೀವೇ ಒಂದು ಮಾತು ಹೇಳ್ತೀರಾ ದೊಡ್ಡಪ್ಪ?" ಎಂದು ಕೇಳಿ. ಹಿರಿಯರ ಬಾಯಿಂದ ಹೋದ ಕರೆಯಾದರೆ ಚಿಕ್ಕಪ್ಪನಿಗೆ ತಾನು ಎರಡನೆಯವನು ಅನ್ನಿಸುವುದಿಲ್ಲ, ದೊಡ್ಡಪ್ಪನ ಹಿರಿತನವೂ ಉಳಿಯುತ್ತದೆ.

ಓದಿದ ನೀಲಿ ಗುರುತು ಬಂದು ಏನೂ ಉತ್ತರ ಬರದಿದ್ದರೆ ಗಾಬರಿ ಬೇಡ, ಮತ್ತೆ ಮೆಸೇಜೂ ಬೇಡ. ಭಾನುವಾರ ಫೋನ್ ಮಾಡುತ್ತೇನೆ ಎಂದಿದ್ದೀರಿ, ಅವರು ಅದಕ್ಕೇ ಕಾಯುತ್ತಿರುತ್ತಾರೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಮಾಡಿ. ಅದೊಂದು ತಪ್ಪಿದರೆ ಮೆಸೇಜಿನ ಮರ್ಯಾದೆಯೆಲ್ಲ ಹೋಯಿತು.

ಒಪ್ಪಿದ ಮೇಲೆ

ಮನೆಗೆ ಹೋಗುವಾಗ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಹೂವು, ಅರಿಶಿನ ಕುಂಕುಮ ಸಾಕು. ಮೊದಲು ದೊಡ್ಡಮ್ಮನಿಗೆ ಅರಿಶಿನ ಕುಂಕುಮ ಕೊಟ್ಟು, ಆಮೇಲೆ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ತಾಂಬೂಲ ಕೊಟ್ಟು ಕಾಲಿಗೆ ಬೀಳುವುದು. ತಾಯಿ ಅರಿಶಿನ ಕುಂಕುಮ ಕೊಡಲು ಹಿಂಜರಿದರೆ ಮಗಳೇ ಕೊಡಲಿ. ಧಾರೆಗೆ ಉಡುವ ಸೀರೆ, ಪಂಚೆ ಶಲ್ಯದ ಮಾತನ್ನು ಅಲ್ಲಿ ಎತ್ತಬೇಡಿ, ಮೆಸೇಜಿನಲ್ಲಂತೂ ಬೇಡ. ಅದು ಕೂಲಿ ಹೇಳಿದಂತಾಗುತ್ತದೆ. ಮದುವೆ ಜವಳಿ ತೆಗೆಯುವ ದಿನ ದೊಡ್ಡಮ್ಮನನ್ನೇ ಕರೆದುಕೊಂಡು ಹೋದರೆ ಅವರ ಸೀರೆ ಅವರೇ ಆರಿಸಿಕೊಳ್ಳುತ್ತಾರೆ.

ತಾಯಿಯೂ ಧಾರೆಯ ಹೊತ್ತಿನಲ್ಲಿ ಮಂಟಪದ ಮೇಲೇ ಇರಬೇಕೆಂಬ ಆಸೆ ಮಗಳಿಗಿದ್ದರೆ ಹೇಳಬೇಕಾದ ಜಾಗ ಇದು. "ದೊಡ್ಡಪ್ಪ, ಆ ಹೊತ್ತಲ್ಲಿ ಅಮ್ಮ ನಿಮ್ಮಿಬ್ಬರ ಪಕ್ಕದಲ್ಲೇ ಇರಲಿ, ನೀವೇ ಪುರೋಹಿತರಿಗೆ ಹೇಳಿ" ಎಂದರೆ ಸಾಕು. ಹುಡುಗಿ ಹೇಳಿದರೆ ಚರ್ಚೆಯಾಗುವ ಮಾತು ದೊಡ್ಡಪ್ಪ ಹೇಳಿದರೆ ತೀರ್ಮಾನವಾಗುತ್ತದೆ.

ಕೊನೆಗೆ ಕರೆಯೋಲೆ. ಹುಡುಗಿಯ ಹೆಸರಿನ ಜೊತೆ ದಿವಂಗತ ತಂದೆಯ ಮತ್ತು ತಾಯಿಯ ಹೆಸರು ಬರುತ್ತದೆ, ಕರೆಯುವವರ ಜಾಗದಲ್ಲಿ ತಾಯಿಯ ಹೆಸರಿನೊಂದಿಗೆ ದೊಡ್ಡಮ್ಮ ದೊಡ್ಡಪ್ಪನ ಹೆಸರು. ಅಚ್ಚಿಗೆ ಕೊಡುವ ಮೊದಲು ಕರಡಿನ ಫೋಟೋವನ್ನು ದೊಡ್ಡಪ್ಪನಿಗೆ ಕಳಿಸಿ: "ದೊಡ್ಡಪ್ಪ, ನಿಮ್ಮ ಮತ್ತು ದೊಡ್ಡಮ್ಮನ ಹೆಸರು, ಇನಿಷಿಯಲ್ಲು, ಮುತ್ತಾತನ ಹೆಸರು ಸರಿಯಿದೆಯಾ ನೋಡಿ ಹೇಳಿ." ಮುತ್ತಾತನ ಹೆಸರು ಕರೆಯೋಲೆಗೆ ಬೇಕಿಲ್ಲದಿದ್ದರೂ ಪುರೋಹಿತರಿಗೆ ಬೇಕು, ಮೈಸೂರಿನ ಮನೆಯಲ್ಲಿ ಅದು ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ಗೋತ್ರವನ್ನೋ ಮನೆತನದ ಹೆಸರನ್ನೋ ಅದೇ ಮೆಸೇಜಿನಲ್ಲಿ ಕೇಳಿಕೊಂಡು, ಮುತ್ತಾತ, ತಾತ, ಅಪ್ಪ ಮೂವರ ಹೆಸರಿನ ಜೊತೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ಪುರೋಹಿತರ ಕೈಗೆ ಕೊಡಿ.